ದರ ಕೋರಿಕೆ: ಪೋಂಡಾದಿಂದ ರೋಟರ್‌ಡ್ಯಾಮ್‌ಗೆ 20 ಅಡಿಯ ಒಂದು ಕಂಟೇನರ್ ಗೋಡಂಬಿ

ಪೋಂಡಾ, ಗೋವಾ
8 ಸೆಪ್ಟೆಂಬರ್ 2025

ಮಾನ್ಯರೇ,

ನಮಸ್ಕಾರ. ನೆದರ್‌ಲ್ಯಾಂಡ್ಸ್‌ನ ಖರೀದಿದಾರರೊಬ್ಬರಿಂದ ನಮಗೆ ಒಂದು ಕಂಟೇನರ್ ಗೋಡಂಬಿಯ ಆರ್ಡರ್ ಬಂದಿದೆ. ಅದನ್ನು ನಮ್ಮ ಪೋಂಡಾ ಕಾರ್ಖಾನೆಯಿಂದ ರೋಟರ್‌ಡ್ಯಾಮ್ ಬಂದರಿಗೆ ತಲುಪಿಸಲು ನಿಮ್ಮ ದರ ಬೇಕಾಗಿದೆ. ಈ ಪತ್ರ ವಾಸ್ಕೋದ ಒಬ್ಬರಿಗೂ ನವಿ ಮುಂಬಯಿಯ ಇಬ್ಬರಿಗೂ ಹೋಗುತ್ತಿದೆ. ಮೂವರಿಗೂ ಕೊಟ್ಟಿರುವ ವಿವರ ಒಂದೇ. ಎಲ್ಲರೂ ಒಂದೇ ಲೆಕ್ಕದ ಮೇಲೆ ದರ ಕೊಟ್ಟರೆ ನಮಗೆ ಹೋಲಿಸಲು ಸುಲಭ, ನಿಮಗೂ ನ್ಯಾಯ.

ಸರಕಿನ ವಿವರ ಹೀಗಿದೆ:

ಸರಕು: ಇಡೀ ಗೋಡಂಬಿ, ಡಬ್ಲ್ಯೂ 320 ದರ್ಜೆ 550 ಪೆಟ್ಟಿಗೆ, ಡಬ್ಲ್ಯೂ 240 ದರ್ಜೆ 150 ಪೆಟ್ಟಿಗೆ
ಎಚ್‌ಎಸ್ ಕೋಡ್: 08013220
ಪ್ಯಾಕಿಂಗ್: ಗಾಳಿ ತೆಗೆದ ಪೌಚ್, ಒಂದೊಂದು ರಟ್ಟಿನ ಪೆಟ್ಟಿಗೆಯಲ್ಲಿ 22.68 ಕೆಜಿ
ಪೆಟ್ಟಿಗೆಯ ಅಳತೆ: 47 × 28 × 29 ಸೆಂ.ಮೀ.
ಒಟ್ಟು ಪೆಟ್ಟಿಗೆ: 700
ನಿವ್ವಳ ತೂಕ: 15,876 ಕೆಜಿ, ಒಟ್ಟು ತೂಕ: 16,800 ಕೆಜಿ
ಗಾತ್ರ: 26.7 ಘನ ಮೀಟರ್
ಕಂಟೇನರ್: 20 ಅಡಿಯ ಡ್ರೈ ಕಂಟೇನರ್, ಒಂದು
ಇನ್‌ವಾಯ್ಸ್ ಮೌಲ್ಯ: ಸುಮಾರು 1,19,000 ಅಮೆರಿಕನ್ ಡಾಲರ್
ಸರಕು ಸಿದ್ಧವಾಗುವ ದಿನ: 25 ಸೆಪ್ಟೆಂಬರ್

ಪ್ಯಾಲೆಟ್ ಹಾಕುವುದಿಲ್ಲ. ಹಾಕಿದರೆ 700 ಪೆಟ್ಟಿಗೆ ಹಿಡಿಸುವುದಿಲ್ಲ. ನೆಲದ ಮೇಲೆ ನೇರವಾಗಿ ಜೋಡಿಸುತ್ತೇವೆ. ಉದ್ದಕ್ಕೆ 12, ಅಗಲಕ್ಕೆ 8, ಎತ್ತರಕ್ಕೆ 7 ಅಂದರೆ 672 ಆಯಿತು. ಉಳಿದ 28 ಪೆಟ್ಟಿಗೆ ಒಳಗಡೆ ಎಂಟನೇ ಸಾಲಿನಲ್ಲಿ ಕೂರುತ್ತವೆ. ಹಾಗಾಗಿ ಒಳಗೋಡೆ ಜಜ್ಜಿ ಒಳಕ್ಕೆ ಬಾಗಿರುವ ಕಂಟೇನರ್ ಕೊಟ್ಟರೆ ಲೆಕ್ಕವೆಲ್ಲ ತಪ್ಪುತ್ತದೆ.

ಕಂಟೇನರ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಇದು ನಮಗೆ ದರದಷ್ಟೇ ಮುಖ್ಯ. ಗೋಡಂಬಿ ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ. ಹಿಂದಿನ ಸರಕು ರಾಸಾಯನಿಕ, ಚರ್ಮ, ಮೀನಿನ ಪುಡಿ ಇಂಥದ್ದಾಗಿದ್ದ ಕಂಟೇನರ್ ಬೇಡ. ಆಹಾರ ಪದಾರ್ಥ ತುಂಬಲು ಯೋಗ್ಯ ಎಂದು ಲೈನ್‌ನವರು ಒಪ್ಪಿದ್ದೇ ಬೇಕು. ನೆಲದ ಹಲಗೆ ಒಣಗಿರಬೇಕು, ಎಣ್ಣೆಯ ಕಲೆ ಇರಬಾರದು. ಕಾರ್ಖಾನೆಗೆ ಬಂದ ಮೇಲೆ ನಮ್ಮ ಹುಡುಗರು ಒಳಗೆ ನಿಂತು ಎರಡೂ ಬಾಗಿಲು ಮುಚ್ಚಿಸಿ ನೋಡುತ್ತಾರೆ. ಸೂಜಿ ಮೊನೆಯಷ್ಟು ಬೆಳಕು ಎಲ್ಲಿಂದ ಕಂಡರೂ ಆ ಕಂಟೇನರ್ ವಾಪಸ್. ಹಾಗೆ ವಾಪಸ್ ಕಳಿಸಿದರೆ ಬದಲಿ ಎಷ್ಟು ಹೊತ್ತಿಗೆ ಬರುತ್ತದೆ, ಅದರ ಸಾಗಾಟದ ಖರ್ಚು ಯಾರದು ಎಂಬುದನ್ನು ದರದ ಜೊತೆಗೇ ಬರೆಯಿರಿ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಸೆಪ್ಟೆಂಬರ್ ಕೊನೆ ಅಂದರೆ ಗೋವಾದಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಇಲ್ಲಿನ ಬಿಸಿ, ತೇವದ ಗಾಳಿಯನ್ನು ಒಳಗಿಟ್ಟುಕೊಂಡೇ ಕಂಟೇನರ್ ಮುಚ್ಚುತ್ತದೆ. ಅದು ನವೆಂಬರ್ ಚಳಿಯ ಕಡೆಗೆ ಹೋಗುತ್ತಾ ಹೋಗುತ್ತಾ ಒಳಗಿನ ತೇವ ಚಾವಣಿಗೆ ನೀರಾಗಿ ಕಟ್ಟಿ, ಪೆಟ್ಟಿಗೆಗಳ ಮೇಲೆ ಹನಿಯುತ್ತದೆ. ಪೌಚ್ ಒಳಗಿನ ಗೋಡಂಬಿಗೆ ಏನೂ ಆಗದಿರಬಹುದು. ಆದರೆ ರಟ್ಟು ನೆನೆದು ಬೂಷ್ಟು ಬಂದರೆ ಖರೀದಿದಾರರು ಸರಕು ಮುಟ್ಟುವುದಿಲ್ಲ. ಒಳಗೆ ಕ್ರಾಫ್ಟ್ ಪೇಪರ್ ಹೊದಿಸುವುದು, ತೇವ ಹೀರುವ ಚೀಲಗಳನ್ನು ತೂಗುಹಾಕುವುದು ನಮ್ಮ ಕೆಲಸ, ನಮ್ಮ ಖರ್ಚು. ಹಡಗಿನಲ್ಲಿ ಡೆಕ್‌ನ ಕೆಳಗೆ, ಎಂಜಿನ್ ಬಿಸಿಯಿಂದ ದೂರ ಜಾಗ ಕೊಡಿಸಲು ಆಗುತ್ತದೆಯೇ ಎಂದು ಲೈನ್‌ನವರನ್ನು ಕೇಳಿ ತಿಳಿಸಿ. ಅದಕ್ಕೆ ಹೆಚ್ಚಿನ ದರ ಇದ್ದರೆ ಬೇರೆಯಾಗಿ ತೋರಿಸಿ.

ಕಾರ್ಖಾನೆಯಲ್ಲೇ ಸರಕು ತುಂಬಿ, ಇ-ಸೀಲ್ ಹಾಕಿ, ರಸ್ತೆ ಮೂಲಕ ನ್ಹಾವಾ ಶೇವಾಕ್ಕೆ ಕಳಿಸುವುದು ನಮ್ಮ ಮೊದಲ ಆಯ್ಕೆ. ಕಾರ್ಖಾನೆಯಲ್ಲಿ ಸ್ವಯಂ ಸೀಲ್ ಮಾಡುವ ಅನುಮತಿ ನಮ್ಮ ಬಳಿ ಇದೆ, ಸೀಲ್ ನಾವೇ ಕೊಡುತ್ತೇವೆ. ಪೆಟ್ಟಿಗೆಗಳನ್ನು ಲಾರಿಯಲ್ಲಿ ಸಿಎಫ್‌ಎಸ್‌ಗೆ ಕಳಿಸಿ ಅಲ್ಲಿ ತುಂಬಿಸುವುದು ಬೇಡ. ಮಳೆಯಲ್ಲಿ ಎರಡು ಸಲ ಇಳಿಸಿ ಏರಿಸುವುದನ್ನು ನೋಡುತ್ತಾ ಕೂರಲು ಮನಸ್ಸಾಗುವುದಿಲ್ಲ. ಖಾಲಿ ಕಂಟೇನರ್ ಗೋವಾದ ಯಾರ್ಡ್‌ನಲ್ಲೇ ಸಿಗುತ್ತದೆಯೇ, ಇಲ್ಲಾ ನ್ಹಾವಾ ಶೇವಾದಿಂದ ತರಬೇಕೇ? ಹೋಗಿ ಬರುವ ಬಾಡಿಗೆಯ ಪೂರ್ತಿ ಲೆಕ್ಕ ನಿಂತಿರುವುದೇ ಇದರ ಮೇಲೆ. ಬಾಳ್ಳಿಯಿಂದ ರೈಲಿನಲ್ಲಿ ಕಳಿಸುವ ದರ ನಿಮ್ಮಲ್ಲಿದ್ದರೆ ಅದನ್ನೂ ಕೊಡಿ. ಮುರ್ಮಗೋವಾ ಬಂದರಿನಿಂದಲೇ ಹತ್ತಿಸುವ ದಾರಿ ಇದ್ದರೆ ಖುಷಿಯಿಂದ ನೋಡುತ್ತೇವೆ. ಆದರೆ ಯಾವ ಬಂದರಿನಲ್ಲಿ ದೊಡ್ಡ ಹಡಗಿಗೆ ಬದಲಾಗುತ್ತದೆ, ಅಲ್ಲಿ ಎಷ್ಟು ದಿನ ಕಾಯಬೇಕು ಎಂದು ಹೇಳದೆ ಬರೀ ಕಡಿಮೆ ದರ ಕಳಿಸಬೇಡಿ.

ಇನ್ನು ವಿತರಣೆಯ ಷರತ್ತು. ನಮಗೆ ಬೇಕಾಗಿರುವುದು ಇನ್‌ಕೋಟರ್ಮ್ಸ್ 2020ರ ಪ್ರಕಾರ ಸಿಐಪಿ, ರೋಟರ್‌ಡ್ಯಾಮ್ ಕಂಟೇನರ್ ಟರ್ಮಿನಲ್. ಅಲ್ಲಿಂದ ಗೋದಾಮಿಗೆ ಖರೀದಿದಾರರೇ ಒಯ್ಯುತ್ತಾರೆ. ಆಮದು ಸುಂಕ, ಅಲ್ಲಿನ ಕಸ್ಟಮ್ಸ್ ಕೆಲಸ ಎಲ್ಲ ಅವರದು. ಅವರು ಮೊದಲು ಸಿಐಎಫ್ ಕೇಳಿದ್ದರು. ಸಿಐಎಫ್‌ನಲ್ಲಿ ಸರಕು ಹಡಗಿನ ಮೇಲೆ ಏರಿದಾಗ ಜವಾಬ್ದಾರಿ ಕೈ ಬದಲಾಗುತ್ತದೆ. ಕಂಟೇನರ್ ಮಾತ್ರ ಅದಕ್ಕೆ ಎಷ್ಟೋ ದಿನ ಮೊದಲೇ ಟರ್ಮಿನಲ್ ಸೇರಿ, ನಮ್ಮ ಕೈ ತಪ್ಪಿರುತ್ತದೆ. ಆ ನಡುವಿನ ದಿನಗಳ ಹೊಣೆ ನಮ್ಮ ತಲೆಗೆ ಬೇಡ. ಅದೂ ಅಲ್ಲದೆ ಸಿಐಎಫ್‌ಗೆ ಕನಿಷ್ಠ ವಿಮೆ ಸಾಕು, ಸಿಐಪಿಗೆ ಪೂರ್ಣ ವಿಮೆಯೇ ಬೇಕು. ಖರೀದಿದಾರರಿಗೆ ಇದನ್ನು ವಿವರಿಸಿ ಹೇಳಿದೆವು, ಅವರೂ ಒಪ್ಪಿದ್ದಾರೆ.

ವಿಮೆ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸ್ ಎ, ಇನ್‌ವಾಯ್ಸ್ ಮೌಲ್ಯದ 110 ಶೇಕಡಾ, ಅಂದರೆ ಸುಮಾರು 1,30,900 ಡಾಲರ್‌ಗೆ. ಪೋಂಡಾ ಗೋದಾಮಿನಿಂದ ಶುರುವಾಗಬೇಕು. ಮಳೆ ನೀರು ಮತ್ತು ಕಂಟೇನರ್ ಒಳಗೆ ಕಟ್ಟುವ ತೇವದ ಹಾನಿಯ ಬಗ್ಗೆ ಪಾಲಿಸಿ ಏನು ಹೇಳುತ್ತದೆ ಎಂದು ಒಂದು ಸಾಲಿನಲ್ಲಿ ಬರೆಯಿರಿ. ಯುದ್ಧ, ಮುಷ್ಕರದ ಪ್ರೀಮಿಯಂ ಬೇರೆ ತೋರಿಸಿ.

ಜೊತೆಗೆ ಎಫ್‌ಸಿಎ ನ್ಹಾವಾ ಶೇವಾ ದರವೂ ಬೇಕು. ಸಮುದ್ರದ ಫ್ರೈಟ್ ಜಾಸ್ತಿ ಆದರೆ ಖರೀದಿದಾರರು ತಮ್ಮ ಲೈನ್‌ನವರಿಂದಲೇ ಬುಕ್ ಮಾಡಿಸುವ ಯೋಚನೆಯಲ್ಲಿದ್ದಾರೆ. ಇದರಲ್ಲಿ ನಮ್ಮ ಪಾಲಿನ ಕೆಲಸ ಮಾತ್ರ ಬರಲಿ: ಖಾಲಿ ಕಂಟೇನರ್ ತರುವುದು, ರಸ್ತೆ ಸಾಗಾಟ, ಕಸ್ಟಮ್ಸ್ ಕ್ಲಿಯರಿಂಗ್, ಟರ್ಮಿನಲ್‌ಗೆ ಒಪ್ಪಿಸುವುದು.

ದರವನ್ನು ದಯವಿಟ್ಟು ಬಿಡಿಬಿಡಿಯಾಗಿ ಕೊಡಿ. ಹಿಂದೊಮ್ಮೆ ಒಬ್ಬರು ಸಮುದ್ರದ ಫ್ರೈಟ್ ಎಲ್ಲರಿಗಿಂತ ಕಡಿಮೆ ಕೊಟ್ಟಿದ್ದರು. ಬಿಲ್ ಬಂದಾಗ ಮಾತಿನಲ್ಲೇ ಇಲ್ಲದ ಬಾಬ್ತುಗಳು ಸಾಲುಸಾಲಾಗಿ ಸೇರಿದ್ದವು. ಡಾಕ್ಯುಮೆಂಟ್ ಕೈಗೆ ಸಿಗಬೇಕಾದರೆ ಬಿಲ್ ಕಟ್ಟಲೇಬೇಕು, ಅಲ್ವಾ? ವಾದ ಮಾಡಲು ಸಮಯವೇ ಇರಲಿಲ್ಲ. ಆದ್ದರಿಂದ ಫ್ರೈಟ್, ಇಂಧನದ ಹೆಚ್ಚುವರಿ, ಯುರೋಪಿನ ಇಂಗಾಲದ ಹೆಚ್ಚುವರಿ, ನ್ಹಾವಾ ಶೇವಾ ಟಿಎಚ್‌ಸಿ, ಬಿಎಲ್ ಶುಲ್ಕ, ಲೈನ್ ಸೀಲ್, ವಿಜಿಎಂ ಸಲ್ಲಿಕೆ, ಐಸಿಎಸ್2 ಫೈಲಿಂಗ್, ಕ್ಲಿಯರಿಂಗ್ ಏಜೆನ್ಸಿ ಶುಲ್ಕ, ಟ್ರೇಲರ್ ಬಾಡಿಗೆ, ಎಲ್ಲವೂ ಬೇರೆ ಬೇರೆ ಸಾಲಿನಲ್ಲಿರಲಿ. ಖರೀದಿದಾರರು ಫೈಟೊಸ್ಯಾನಿಟರಿ ಸರ್ಟಿಫಿಕೇಟ್ ಕೇಳಿದ್ದಾರೆ. ಅದನ್ನು ನೀವೇ ಮಾಡಿಸಿಕೊಡುವುದಾದರೆ ಅದರ ಖರ್ಚನ್ನೂ ಸೇರಿಸಿ. ಯಾವ ಬಾಬ್ತಿಗೆ ಎಷ್ಟು ಜಿಎಸ್‌ಟಿ ಎಂದು ಎದುರಿಗೇ ಬರೆಯಿರಿ. ಡಾಲರ್ ಬಾಬ್ತುಗಳನ್ನು ರೂಪಾಯಿಗೆ ತಿರುಗಿಸುವಾಗ ಯಾವ ದಿನದ, ಯಾರ ದರ ಹಿಡಿಯುತ್ತೀರಿ? ಲೈನ್‌ನ ದರಕ್ಕೂ ಬ್ಯಾಂಕಿನ ದರಕ್ಕೂ ಇರುವ ವ್ಯತ್ಯಾಸ ನೋಡಲು ಚಿಕ್ಕದು, ಕೊನೆಯ ಮೊತ್ತದಲ್ಲಿ ಚಿಕ್ಕದಲ್ಲ.

ರೋಟರ್‌ಡ್ಯಾಮ್‌ನ ಟರ್ಮಿನಲ್ ಶುಲ್ಕ ಖರೀದಿದಾರರದು ಎಂದು ಮಾತಾಗಿದೆ. ಆದರೂ ಅದು ಎಷ್ಟಾಗುತ್ತದೆ, ಡೆಲಿವರಿ ಆರ್ಡರ್ ಕೊಡಲು ಅಲ್ಲಿನ ನಿಮ್ಮ ಏಜೆಂಟ್ ಎಷ್ಟು ಕೇಳುತ್ತಾರೆ ಎಂಬುದನ್ನು ಯೂರೋದಲ್ಲಿ ತಿಳಿಸಿ. ಮುಂಚೆಯೇ ಹೇಳಿಬಿಟ್ಟರೆ ಅವರಿಗೆ ಆಮೇಲೆ ಬೇಸರ ಆಗುವುದಿಲ್ಲ. ಅಲ್ಲಿ 14 ಫ್ರೀ ದಿನ ಬೇಕು. ಇಲ್ಲಿ ಖಾಲಿ ಕಂಟೇನರ್ ಎತ್ತಿದ ದಿನದಿಂದ ಗೇಟ್ ಇನ್ ತನಕ ಎಷ್ಟು ದಿನ ಬಿಡುವು, ಅದು ಮೀರಿದರೆ ದಿನಕ್ಕೆ ಎಷ್ಟು ಎಂದೂ ಬರೆಯಿರಿ.

2023ರ ಕೊನೆಯಲ್ಲಿ ಕೆಂಪು ಸಮುದ್ರದ ದಾಳಿಗಳು ಶುರುವಾದ ಮೇಲೆ ಹೆಚ್ಚಿನ ಹಡಗುಗಳು ಆಫ್ರಿಕಾ ಸುತ್ತಿಕೊಂಡು ಹೋಗುತ್ತಿವೆ. ನೀವು ಹೇಳುವ ಹಡಗು ಯಾವ ದಾರಿ ಹಿಡಿಯುತ್ತದೆ, ನೇರವೋ ನಡುವೆ ಬದಲಾವಣೆಯೋ, ಒಟ್ಟು ಎಷ್ಟು ದಿನ ಎಂದು ಸ್ಪಷ್ಟವಾಗಿ ತಿಳಿಸಿ. ಕ್ರಿಸ್‌ಮಸ್ ವ್ಯಾಪಾರದ ಸರಕು ಇದು. ನವೆಂಬರ್ 20ರ ಒಳಗೆ ಟರ್ಮಿನಲ್ ಮುಟ್ಟಬೇಕು. ನಾಲ್ಕು ದಿನ ಬೇಗ ಮುಟ್ಟುವ ಹಡಗಿಗೆ ಸ್ವಲ್ಪ ಹೆಚ್ಚು ಕೊಡಲು ತಯಾರಿದ್ದೇವೆ.

ಸರಕು ತುಂಬುವುದು 26 ಸೆಪ್ಟೆಂಬರ್ ಶುಕ್ರವಾರ ಎಂದುಕೊಂಡಿದ್ದೇವೆ. ಅಕ್ಟೋಬರ್ 1 ಆಯುಧಪೂಜೆ, 2 ವಿಜಯದಶಮಿ. ಆ ಎರಡು ದಿನ ಟ್ರೇಲರ್ ಚಾಲಕರನ್ನು ಹೊರಡಿಸುವುದು ಕಷ್ಟ, ಅವರನ್ನು ಒತ್ತಾಯಿಸುವುದೂ ಸರಿಯಲ್ಲ. ಅದಕ್ಕೆ ಮೊದಲೇ ಕಂಟೇನರ್ ಟರ್ಮಿನಲ್ ಒಳಗೆ ಸೇರಿರಬೇಕು. ಅಕ್ಟೋಬರ್ 5ರ ಒಳಗೆ ಹೊರಡುವ ಹಡಗು, ಅದರ ಗೇಟ್ ಕಟ್-ಆಫ್ ಸಮಯ ಕೊಡಿ.

ಹಣ ಬ್ಯಾಂಕ್ ಮೂಲಕ, ಡಾಕ್ಯುಮೆಂಟ್ ತೋರಿಸಿದ ಮೇಲೆ ಬರುತ್ತದೆ. ಹಾಗಾಗಿ ಲೈನ್‌ನ ಮೂಲ ಬಿಎಲ್ ಮೂರೂ ಪ್ರತಿ, ಟು ಆರ್ಡರ್, ಫ್ರೈಟ್ ಪ್ರೀಪೇಯ್ಡ್ ಎಂದು ಬೇಕು. ಹೌಸ್ ಬಿಎಲ್ ಈ ಸಲ ಬೇಡ. ಹಡಗು ಹೊರಟು ಎರಡು ಕೆಲಸದ ದಿನಗಳಲ್ಲಿ ಬಿಎಲ್ ಕೈಗೆ ಸಿಗುವುದೆಂದು ಒಪ್ಪಿ ಬರೆಯಿರಿ. ನಿಮ್ಮ ಬಿಲ್‌ಗೆ ನಾವು 15 ದಿನದ ಸಾಲ ಕೇಳುತ್ತಿದ್ದೇವೆ. ಅದು ಬಿಎಲ್ ಬಿಡುಗಡೆಗೆ ಅಡ್ಡ ಬರಬಾರದು. ಸಾಲ ಕೊಡಲಾಗದಿದ್ದರೆ ಮುಂಗಡ ಪಾವತಿಯ ದರ ಕೊಡಿ, ಬೇಸರವಿಲ್ಲ.

ದರ 15 ಸೆಪ್ಟೆಂಬರ್ ಸೋಮವಾರ ಸಂಜೆ 5ರ ಒಳಗೆ ಇದೇ ಇಮೇಲ್‌ಗೆ ಬರಲಿ, ಅಕ್ಟೋಬರ್ 15ರ ತನಕ ಅನ್ವಯಿಸಲಿ. ಫೋನಿನಲ್ಲಿ ಹೇಳಿದ ದರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಏನಾದರೂ ಅನುಮಾನ ಇದ್ದರೆ ಧಾರಾಳವಾಗಿ ಫೋನ್ ಮಾಡಿ, ಮಧ್ಯಾಹ್ನ ಊಟದ ನಂತರ ಸಿಗುತ್ತೇನೆ. 17ರ ಬುಧವಾರ ಯಾರಿಗೆ ಕೊಟ್ಟೆವು ಎಂದು ಮೂವರಿಗೂ ತಿಳಿಸುತ್ತೇವೆ. ಕೆಲಸ ಸಿಗದವರಿಗೂ ಯಾವ ಬಾಬ್ತಿನಲ್ಲಿ ವ್ಯತ್ಯಾಸ ಬಂತು ಎಂದು ಹೇಳುತ್ತೇವೆ. ಜನವರಿಯಲ್ಲಿ ಇದೇ ಖರೀದಿದಾರರಿಗೆ ಇನ್ನೊಂದು ಕಂಟೇನರ್ ಹೋಗುವ ಮಾತುಕತೆ ನಡೆದಿದೆ.

ಇಂತಿ,
ಶ್ರೀಧರ
ರಫ್ತು ವಿಭಾಗ, ಗೋಡಂಬಿ ಕಾರ್ಖಾನೆ
ಪೋಂಡಾ, ಗೋವಾ

ಲಗತ್ತು: ಪ್ಯಾಕಿಂಗ್ ಲಿಸ್ಟ್, ಪ್ರೊಫಾರ್ಮಾ ಇನ್‌ವಾಯ್ಸ್, ಪೆಟ್ಟಿಗೆ ಜೋಡಣೆಯ ನಕ್ಷೆ