ಸೋಡಿಯಂ 119

ರಾತ್ರಿ ಹತ್ತಾಗಿತ್ತು. ಹನುಮಂತನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಅಪ್ಪನ ಡಿಸ್ಚಾರ್ಜ್ ಹಾಳೆಗಳು ಹರಡಿದ್ದವು. ಒಳಕೋಣೆಯಲ್ಲಿ ಅಪ್ಪ ಮಲಗಿದ್ದರು. ಅಕ್ಕ ಓದುತ್ತಿದ್ದಳು, ಅಣ್ಣ ಮೊಬೈಲಿನಲ್ಲಿ ಅರ್ಥ ಹುಡುಕುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ.

“ಹಿಮೋಗ್ಲೋಬಿನ್ 11.8.”

“ಸ್ವಲ್ಪ ಕಡಿಮೆ. ಮುಂದೆ ಓದು.”

“ಕ್ರಿಯಾಟಿನಿನ್ 1.1.”

“ಅದು ಮೂತ್ರಪಿಂಡದ್ದು. ಸರಿಯಾಗಿದೆ.”

“ಸೋಡಿಯಂ…” ಅಕ್ಕ ತಡೆದಳು. “ಸೇರಿಸಿದ ದಿನ 119. ಇರಬೇಕಾದದ್ದು 135ರಿಂದ 145. ಇವತ್ತು 133.”

ಅಣ್ಣ ನಿಧಾನವಾಗಿ ಓದಿದ. ರಕ್ತದಲ್ಲಿ ಸೋಡಿಯಂ ಇಷ್ಟು ಇಳಿದರೆ ಮಿದುಳಿನ ಜೀವಕೋಶಗಳೊಳಗೆ ನೀರು ಸೇರುತ್ತದೆ. ಮನುಷ್ಯನಿಗೆ ಗೊಂದಲ, ನಡಿಗೆಯಲ್ಲಿ ತೂರಾಟ.

ನನ್ನ ಪೆನ್ನು ನಿಂತಿತು. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ಚಿಲ್ಲರೆ ಎಣಿಸಿದ ಅಪ್ಪ, ಹಿಂದಿನ ವಾರ ಹಾಲಿನ ಬೂತಿನ ಮುಂದೆ ಅಂಗೈಯಲ್ಲಿ ನಾಣ್ಯ ಹಿಡಿದು ಸುಮ್ಮನೆ ನಿಂತಿದ್ದರು. “ವಯಸ್ಸಾಯಿತು, ಮರೆವು ಶುರುವಾಗಿದೆ,” ಎಂದು ಅವರ ಎದುರಿಗೇ ಹೇಳಿದವಳು ನಾನು.

“ಉಪ್ಪು ಕಡಿಮೆ ಮಾಡಿಸಿದ್ದು ನಾನು,” ಎಂದಳು ಅಕ್ಕ. ಧ್ವನಿ ಒಡೆದಿತ್ತು. “ಸಾರಿಗೂ ಹಾಕಬೇಡ ಎಂದು ಅಡುಗೆಯವಳಿಗೆ ಹೇಳಿದ್ದೆ.”

“ಇರು ಅಕ್ಕಾ, ಇಲ್ಲಿ ಕಾರಣ ಬರೆದಿದ್ದಾರೆ.” ಅಣ್ಣ ಎರಡನೆಯ ಹಾಳೆ ಎಳೆದುಕೊಂಡ. “ಹೈಡ್ರೋಕ್ಲೋರೋಥಯಾಜೈಡ್‌ನಿಂದ ಸೋಡಿಯಂ ಇಳಿದಿದೆ, ಈ ಔಷಧ ನಿಲ್ಲಿಸಲಾಗಿದೆ ಎಂದಿದೆ. ಆದರೆ ಆ ಹೆಸರಿನ ಮಾತ್ರೆ ಅಪ್ಪ ತೆಗೆದುಕೊಳ್ಳುವುದೇ ಇಲ್ಲವಲ್ಲ?”

ನಾನು ಮಾತ್ರೆಗಳ ಬಿಸ್ಕತ್ತಿನ ಡಬ್ಬ ತಂದೆ. ಬಿ.ಪಿ. ಮಾತ್ರೆ ಸಂಜೆಯಷ್ಟೇ ಅಣ್ಣ ಹಳೆಯ ಚೀಟಿ ತೋರಿಸಿ ತಂದದ್ದು. ಹಾಳೆಯಲ್ಲಿ ಬರೀ ಟೆಲ್ಮಿಸಾರ್ಟನ್ 40. ಸ್ಟ್ರಿಪ್ಪಿನ ಮೇಲೆ ಹೆಸರಿನ ಕೊನೆಗೆ ಒಂದು ಎಚ್. ಹಿಂಬದಿಯನ್ನು ದೀಪಕ್ಕೆ ಹಿಡಿದೆ. ಇರುವೆಗಾತ್ರದ ಅಕ್ಷರಗಳು: ಟೆಲ್ಮಿಸಾರ್ಟನ್ 40, ಹೈಡ್ರೋಕ್ಲೋರೋಥಯಾಜೈಡ್ 12.5.

ನಾಳೆ ಬೆಳಿಗ್ಗೆ ಅದನ್ನೇ ಕೊಡುತ್ತಿದ್ದೆವು.

ಅಣ್ಣ ತಕ್ಷಣ ಹಾಳೆಯ ಕೆಳಗಿದ್ದ ವಾರ್ಡಿನ ಸಂಖ್ಯೆಗೆ ಕರೆ ಮಾಡಿದ. ರಾತ್ರಿ ಪಾಳಿಯ ಡಾಕ್ಟರು ಎರಡೂ ಹೆಸರು ಕೇಳಿಸಿಕೊಂಡು, ಎಚ್ ಇರುವುದನ್ನು ಕೊಡಲೇಬೇಡಿ, ಮೂರು ದಿನ ಬಿಟ್ಟು ಸೋಡಿಯಂ ಮತ್ತೆ ಪರೀಕ್ಷಿಸಿ ಎಂದರು. ಅಣ್ಣ ಚಪ್ಪಲಿ ಮೆಟ್ಟಿ ಮೆಡಿಕಲ್ ಅಂಗಡಿಗೆ ಓಡಿದ. ಅಕ್ಕ ಕ್ಯಾಲೆಂಡರಿನಲ್ಲಿ ತಾರೀಖಿಗೆ ಸುತ್ತು ಹಾಕಿದಳು.

ಅವನು ಬಾಗಿಲು ತೆರೆದ ಸದ್ದಿಗೆ ಅಪ್ಪ ಎಚ್ಚರಗೊಂಡರು.

“ಎಷ್ಟಾಯಿತೋ?”

“ನೂರ ಮೂವತ್ತೇಳು, ಅಪ್ಪ. ಇನ್ನೂರು ಕೊಟ್ಟಿದ್ದೆ.”

ಕತ್ತಲೆಯಲ್ಲಿ ಅರೆಕ್ಷಣ ಮೌನ. ನಾವು ಮೂವರೂ ಉಸಿರು ಬಿಗಿಹಿಡಿದಿದ್ದೆವು.

“ಅರವತ್ತಮೂರು ಬರಬೇಕು. ಎಣಿಸಿಕೊಂಡೆಯಾ?”