ವಾಟರ್ ಪ್ಯೂರಿಫೈಯರ್ ವರ್ಷದ ಸರ್ವಿಸ್: ಮಾರ್ಚ್ 14, ಶನಿವಾರ, ಬೆಳಗ್ಗೆ 10ರಿಂದ 12.30ರೊಳಗೆ

ಮೇಡಂ, ನಮಸ್ಕಾರ.

ನಿಮ್ಮ ಆರ್‌ಒ ಪ್ಯೂರಿಫೈಯರ್‌ಗೆ ವರ್ಷದ ಸರ್ವಿಸ್ ಮಾಡುವ ಸಮಯ ಬಂತು. ಮಾರ್ಚ್ 14, ಶನಿವಾರ ಬೆಳಗ್ಗೆ 10ರಿಂದ 12.30ರೊಳಗೆ ನಮ್ಮ ಹುಡುಗ ನಾಗರಬಾವಿಯ ನಿಮ್ಮ ಮನೆಗೆ ಬರುತ್ತಾನೆ. ಅವತ್ತು ನಿಮ್ಮ ಕಡೆಯೇ ಇನ್ನೆರಡು ಮನೆಗಳ ಕೆಲಸ ಇದೆ. ಹಾಗಾಗಿ ಇಷ್ಟೇ ಹೊತ್ತಿಗೆ ಅಂತ ಹೇಳೋಕೆ ಆಗುವುದಿಲ್ಲ. ಬರುವ ಅರ್ಧ ಗಂಟೆ ಮುಂಚೆ ಫೋನ್ ಮಾಡುತ್ತಾನೆ. ಕೆಲಸ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಮನೆಯಲ್ಲಿ ದೊಡ್ಡವರು ಯಾರಾದರೂ ಇರಲಿ.

ಮುಂದಿನ ಗುರುವಾರ ಯುಗಾದಿ. ಹಬ್ಬ ಮುಗಿಯಲಿ, ಆಮೇಲೆ ನೋಡೋಣ ಅಂತ ತುಂಬಾ ಜನ ಹೇಳುತ್ತಾರೆ. ನಿಮ್ಮ ಮನೆಯ ಮಟ್ಟಿಗೆ ಮುಂದೂಡುವುದು ಬೇಡ ಅಂತ ನನ್ನ ಮಾತು. ಕಾರಣ ಇದೆ. ಕಳೆದ ಸರ್ವಿಸ್‌ನಲ್ಲಿ ನಲ್ಲಿ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಅಳತೆ, 640 ಇತ್ತು, ಫಿಲ್ಟರ್ ಆದ ನೀರು 48. ನವೆಂಬರ್‌ನಲ್ಲಿ ನೋಡಿದಾಗ ಒಳಗೆ ಹೋಗುವ ನೀರು 710, ಹೊರಗೆ ಬರುವುದು 95. ಕುಡಿಯೋಕೆ ಅದೇನೂ ತೊಂದರೆಯಿಲ್ಲ. ಕುಡಿಯುವ ನೀರಿಗೆ ಬಿಐಎಸ್ ಹೇಳುವ ಮಿತಿಯೇ 500. ಆದರೆ ಲವಣ ತಡೆಯುವ ಮೆಂಬ್ರೇನ್ ಹಾಕಿ ಎರಡೂವರೆ ವರ್ಷ ಆಯ್ತು, ಅದರ ಕಸುವು ಇಳಿಯುತ್ತಿದೆ. ನಿಮಗೆ ಬರುವುದು ಕಾವೇರಿ ಮತ್ತು ಬೋರ್‌ವೆಲ್ ಎರಡೂ ಬೆರೆತ ನೀರು. ಬೇಸಿಗೆಯಲ್ಲಿ ಬೋರ್‌ವೆಲ್ ಪಾಲು ಜಾಸ್ತಿಯಾದಷ್ಟೂ ಗಡಸು ಜಾಸ್ತಿ, ಮೆಂಬ್ರೇನ್ ಮೇಲೆ ಹೊರೆಯೂ ಜಾಸ್ತಿ.

ಇನ್ನೊಂದು ವಿಷಯ. ನೀರಿನ ರುಚಿ ಚೆನ್ನಾಗಿದೆಯಲ್ವಾ, ಇನ್ನೂ ಸ್ವಲ್ಪ ದಿನ ನಡೆಯಲಿ ಅನ್ನಿಸುವುದು ಸಹಜ. ಕಾರ್ಬನ್ ಫಿಲ್ಟರ್ ಸವೆದದ್ದು ನಾಲಿಗೆಗೆ ಬೇಗ ಗೊತ್ತಾಗುವುದಿಲ್ಲ. ಅದು ಕ್ಲೋರಿನ್ ಹಿಡಿಯುವುದನ್ನು ಬಿಟ್ಟರೆ ಆ ಕ್ಲೋರಿನ್ ನೇರ ಮೆಂಬ್ರೇನ್‌ಗೆ ಹೋಗಿ ಅದನ್ನು ಹಾಳು ಮಾಡುತ್ತದೆ. ಯುವಿ ಲ್ಯಾಂಪ್‌ದೂ ಹಾಗೇ. ದೀಪ ಉರಿಯುತ್ತಲೇ ಇರುತ್ತದೆ, ಕ್ರಿಮಿ ಕೊಲ್ಲುವ ಶಕ್ತಿ ಮಾತ್ರ ಇಳಿದಿರುತ್ತದೆ. ಮನೆಯಲ್ಲಿ ಪುಟ್ಟ ಮಗು ಇರುವಾಗ ಇದನ್ನು ಸುಮ್ನೆ ಬಿಡೋದು ಬೇಡ.

ಶನಿವಾರ ಹೊರಗಿನ ಸ್ಪನ್ ಫಿಲ್ಟರ್, ಸೆಡಿಮೆಂಟ್, ಕಾರ್ಬನ್, ಯುವಿ ಲ್ಯಾಂಪ್ ಎಲ್ಲ ಹೊಸದು ಹಾಕುತ್ತೇವೆ. ಟ್ಯಾಂಕ್ ತೊಳೆದು, ಪೈಪ್ ಜಾಯಿಂಟುಗಳಲ್ಲಿ ಸೋರಿಕೆ ಇದೆಯಾ ನೋಡುತ್ತೇವೆ. ಇದೆಲ್ಲ ನಿಮ್ಮ ಎಎಂಸಿಯಲ್ಲೇ ಸೇರಿದೆ, ದುಡ್ಡು ಕೊಡಬೇಕಿಲ್ಲ. ಮೆಂಬ್ರೇನ್ ಮಾತ್ರ ಸೇರಿಲ್ಲ. ಬದಲಾಯಿಸಲೇಬೇಕು ಅಂತಾದರೆ 1,850 ರೂಪಾಯಿ. ಮೊದಲು ನಿಮ್ಮ ಎದುರಿಗೇ ಮೀಟರ್ ಹಿಡಿದು ಟಿಡಿಎಸ್ ತೋರಿಸುತ್ತಾನೆ, ನೀವು ಹೂಂ ಅಂದ ಮೇಲೆಯೇ ಕೈ ಹಾಕುತ್ತಾನೆ. ತೆಗೆದ ಹಳೆಯ ಫಿಲ್ಟರ್‌ಗಳನ್ನೂ ಕೇಳಿ ನೋಡಿ. ಹೋದ ಸಲ ಬಿಳಿಯದಾಗಿ ಹಾಕಿದ ಸ್ಪನ್ ಫಿಲ್ಟರ್ ಈಗ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಕೈಗೆ ಲೋಳೆ ಹತ್ತುತ್ತದೆ. ಒಂದು ವರ್ಷದಲ್ಲಿ ಏನೇನು ತಡೆದಿದೆ ಅಂತ ಕಣ್ಣಾರೆ ಕಾಣುತ್ತದೆ.

ನಿಮ್ಮ ಕಡೆಯಿಂದ ಮೂರು ಸಣ್ಣ ಕೆಲಸ. ಬೆಳಗ್ಗೆಯೇ ಒಂದು ಬಿಂದಿಗೆ ಕುಡಿಯುವ ನೀರು ಹಿಡಿದಿಟ್ಟುಕೊಳ್ಳಿ. ಹೊಸ ಕಾರ್ಬನ್‌ನಿಂದ ಮೊದಮೊದಲು ಕಪ್ಪು ಪುಡಿ ಬರುವುದರಿಂದ ಮೊದಲ ಟ್ಯಾಂಕ್ ನೀರನ್ನು ಚೆಲ್ಲಬೇಕು, ಎರಡನೆಯದು ತುಂಬುವ ಹೊತ್ತಿಗೆ ಸಂಜೆ ಆಗಬಹುದು. ಚೆಲ್ಲುವ ನೀರನ್ನು ಬಕೆಟ್‌ನಲ್ಲಿ ಹಿಡಿದರೆ ನೆಲ ಒರೆಸೋಕೆ ಬರುತ್ತದೆ. ಮೇಲಿನ ಟ್ಯಾಂಕ್‌ನಲ್ಲಿ ನೀರಿರಲಿ, ಇಲ್ಲದಿದ್ದರೆ ಟೆಸ್ಟ್ ಮಾಡಲು ಆಗುವುದಿಲ್ಲ. ಸಿಂಕ್ ಪಕ್ಕದ ಡಬ್ಬಿಗಳನ್ನು ಸ್ವಲ್ಪ ಸರಿಸಿದ್ದರೆ ಸಾಕು. ಅವತ್ತು ಕರೆಂಟ್ ಇರುವುದಿಲ್ಲ ಅಂತ ಬೆಸ್ಕಾಂ ಮೆಸೇಜ್ ಬಂದರೆ ಮುಂಚೆಯೇ ತಿಳಿಸಿ. ಕರೆಂಟ್ ಇಲ್ಲದೆ ಪಂಪ್ ಓಡುವುದಿಲ್ಲ.

ದಯವಿಟ್ಟು ಇದನ್ನು ಮನೆಯವರಿಗೆಲ್ಲ ಹೇಳಿ. ಕಂಪನಿಯಿಂದ ಬಂದಿದ್ದೇವೆ ಅಂತ ಹೇಳಿಕೊಂಡು ಒಳಗೆ ಬಂದು, ಚೆನ್ನಾಗಿರುವ ಪಾರ್ಟ್ ಕಿತ್ತು ಸಾವಿರಗಟ್ಟಲೆ ವಸೂಲು ಮಾಡುವವರು ಇದ್ದಾರೆ. ನಮ್ಮ ಹುಡುಗನ ಫೋಟೋ ಮತ್ತು ಹೆಸರನ್ನು ಶುಕ್ರವಾರ ಸಂಜೆ ಇದೇ ನಂಬರಿನಿಂದ ಕಳಿಸುತ್ತೇವೆ. ಬೇರೆ ಯಾರೇ ಬಂದರೂ ಬಾಗಿಲಲ್ಲೇ ನಿಲ್ಲಿಸಿ ನಮಗೆ ಫೋನ್ ಮಾಡಿ. ನಾವು ಒಟಿಪಿ ಕೇಳುವುದಿಲ್ಲ, ಮುಂಗಡವೂ ಕೇಳುವುದಿಲ್ಲ. ಮೆಂಬ್ರೇನ್ ಹಾಕಿಸಿದರೆ ಕೆಲಸ ಮುಗಿದು ಬಿಲ್ ಕೈಗೆ ಬಂದ ಮೇಲೆ ಕೊಟ್ಟರೆ ಆಯಿತು.

ಈ ಸಮಯ ಆಗುತ್ತದೆ ಅಂದರೆ ಈ ಗುರುವಾರ, 12ರ ಸಂಜೆಯೊಳಗೆ "ಸರಿ" ಅಂತ ಉತ್ತರಿಸಿ. ಆಗದಿದ್ದರೆ ಸೋಮವಾರ, 16ರಂದು ಮಧ್ಯಾಹ್ನ 3ರಿಂದ 5.30ರೊಳಗೆ ಬರಬಹುದು. ಅದಕ್ಕೆ "ಸೋಮವಾರ" ಅಂತ ಬರೆದರೆ ಸಾಕು. ಭಾನುವಾರ ನಮ್ಮ ಹುಡುಗರಿಗೆ ರಜೆ. ಸರ್ವಿಸ್ ಆದ ಒಂದು ವಾರದೊಳಗೆ ನೀರು ಸೋರಿದರೆ, ಇಲ್ಲವೇ ರುಚಿ ಬದಲಾದರೆ ಹೇಳಿ. ಮತ್ತೆ ಬಂದು ಸರಿ ಮಾಡಿಕೊಡುತ್ತೇವೆ, ಅದಕ್ಕೆ ಬೇರೆ ಚಾರ್ಜ್ ಇಲ್ಲ.

ಇಂತಿ,
ನಿಮ್ಮ ವಾಟರ್ ಫಿಲ್ಟರ್ ಸರ್ವಿಸ್ ಅಂಗಡಿಯವರು, ನಾಗರಬಾವಿ