ಅನೊರೆಕ್ಸಿಯಾ ನರ್ವೋಸಾ: ಅಪಾಯ ಅಳೆಯುವುದು, ರೀಫೀಡಿಂಗ್ ಮೇಲೆ ಕಣ್ಣಿಡುವುದು
ಬಳ್ಳಾರಿ ವಾರ್ಡ್ ತಂಡದ ಕೈಪಿಡಿ

ಈ ರೋಗಿಗಳು ನಮ್ಮಲ್ಲಿಗೆ ಈ ಹೆಸರು ಹೊತ್ತು ಬರುವುದು ಕಡಿಮೆ. "ಊಟ ಸೇರಂಗಿಲ್ರೀ ಸರ್, ಗ್ಯಾಸ್ ಐತಿ, ತಲಿ ತಿರುಗಿ ಬೀಳ್ತಾಳ" ಅಂತ ಬರುತ್ತಾರೆ. ಟಿಬಿ, ಥೈರಾಯ್ಡ್, ಶುಗರ್, ಹೊಟ್ಟೆ, ಗರ್ಭ ಎಲ್ಲ ನೋಡಿ, ಆದರೆ ಅವುಗಳ ರಿಪೋರ್ಟ್ ಬರಲಿ ಅಂತ ಈ ಕೆಲಸ ನಿಲ್ಲಿಸಬೇಡಿ.

ಬಂದ ಮೊದಲ ಗಂಟೆ

ತೂಕ, ಎತ್ತರ, ಬಿಎಂಐ. ವಯಸ್ಕರಲ್ಲಿ 13ಕ್ಕಿಂತ ಕೆಳಗಿದ್ದರೆ ಕೆಂಪು ಗುರುತು. 18ರ ಒಳಗಿನವರಿಗೆ ಆ ವಯಸ್ಸಿನ ಮಧ್ಯಮ ಬಿಎಂಐಯ ಶೇ. 70ಕ್ಕಿಂತ ಕಡಿಮೆ ಇದೆಯಾ ನೋಡಿ. ತೂಕ ಒಂದೇ ಸಾಲದು. ವಾರಕ್ಕೆ ಕಿಲೋದಂತೆ ಎರಡು ವಾರ ಇಳಿದವರು ನೋಡಲು ಅಷ್ಟೇನೂ ಬಡಕಲು ಅನ್ನಿಸದಿದ್ದರೂ ಅಪಾಯದಲ್ಲೇ ಇರುತ್ತಾರೆ.

ಎಚ್ಚರವಿದ್ದಾಗ ನಾಡಿ 40ರ ಕೆಳಗೆ, ಪೊಟ್ಯಾಸಿಯಂ 2.5ರ ಕೆಳಗೆ, ಸಕ್ಕರೆ 54ರ ಕೆಳಗೆ, ಹೆಂಗಸರಲ್ಲಿ ಕ್ಯೂಟಿಸಿ 450 ದಾಟಿದ್ದು: ಇವು ಬೆಳಗಿನ ರೌಂಡ್ಸ್‌ವರೆಗೆ ಕಾಯುವ ವಿಷಯಗಳಲ್ಲ. "ಹುಡುಗಿ ಓಟಗಾರ್ತಿ, ಅದಕ್ಕೇ ನಾಡಿ ನಿಧಾನ" ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿ.

ಹೊರಗೆ 42 ಡಿಗ್ರಿ ಬಿಸಿಲಿದ್ದರೂ ಕಂಬಳಿ ಹೊದ್ದು ಕೂತಿದ್ದರೆ ಥರ್ಮಾಮೀಟರ್ ಇಡಿ. ಇವರಿಗೆ ಸೋಂಕು ತಗುಲಿದರೂ ಎಷ್ಟೋ ಸಲ ಜ್ವರ ಬರುವುದಿಲ್ಲ, ಬಿಳಿ ರಕ್ತಕಣವೂ ಏರುವುದಿಲ್ಲ.

ಆಮೇಲೆ ಯಂತ್ರ ಬೇಡದ ಒಂದು ಪರೀಕ್ಷೆ. ಮಲಗಿದವರನ್ನು ಕೈ ಊರದೆ ಎದ್ದು ಕೂರಲು ಹೇಳಿ. ಕುಕ್ಕರಗಾಲಲ್ಲಿ ಕೂತು, ಏನೂ ಹಿಡಿಯದೆ ಏಳಲು ಹೇಳಿ. ಪಕ್ಕದಲ್ಲೇ ನಿಂತಿರಿ. ಏಳಲು ಆಗದಿದ್ದರೆ ಸ್ನಾಯು ಕರಗಿದೆ ಅಂತ ಅರ್ಥ, ರಕ್ತದ ರಿಪೋರ್ಟ್ ಏನೇ ಹೇಳಲಿ.

ನಾರ್ಮಲ್ ರಿಪೋರ್ಟ್ ನಂಬಬೇಡಿ

ಎಲ್ಲರೂ ಎಡವುವುದು ಇಲ್ಲೇ. ಹಸಿದ ದೇಹ ಒಳಗೆ ಖಾಲಿಯಾಗುತ್ತಿದ್ದರೂ ರಕ್ತದ ಮಟ್ಟವನ್ನು ಹೇಗೋ ಸರಿದೂಗಿಸುತ್ತದೆ. ಊಟ ಶುರುವಾದ ಕೂಡಲೇ ಇನ್ಸುಲಿನ್ ಏರಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಮೂರೂ ಕೋಶದೊಳಗೆ ನುಗ್ಗುತ್ತವೆ. ರಕ್ತದಲ್ಲಿ ಕುಸಿತ ಕಾಣುವುದು ಆಗ.

ಒಂದು ಉದಾಹರಣೆ. 19ರ ಹುಡುಗಿ, ಸಂಡೂರು ಕಡೆಯವಳು, 154 ಸೆಂ.ಮೀ., 30 ಕಿಲೋ, ಬಿಎಂಐ 12.6. ಮೊದಲ ದಿನ ಫಾಸ್ಫರಸ್ 3.4, ಮೂರನೇ ದಿನ 1.9. ನಡುವೆ ಅವಳು ಹೇಳಿದ್ದು "ಕಾಲು ಜೋಮು ಹಿಡಿದಂಗ ಆಗ್ತದ" ಅಂತ ಮಾತ್ರ. ಆ ಮಾತು ಕೇಸ್‌ಶೀಟ್‌ನಲ್ಲಿ ಇರಬೇಕು.

ಹಾಗಾಗಿ ಮೊದಲ 5ರಿಂದ 7 ದಿನ ದಿನಕ್ಕೊಮ್ಮೆ ಫಾಸ್ಫರಸ್, ಪೊಟ್ಯಾಸಿಯಂ, ಮೆಗ್ನೀಸಿಯಂ, ಸೋಡಿಯಂ. ಇವಳಂಥವರಿಗೆ ದಿನಕ್ಕೆ ಎರಡು ಸಲ. ಸಕ್ಕರೆಯನ್ನು ರಾತ್ರಿಯೂ ನೋಡಿ. ಭಾನುವಾರ ಲ್ಯಾಬ್ ಇಲ್ಲ ಅಂತ ಬಿಡುವಂತಿಲ್ಲ. ಸ್ಯಾಂಪಲ್ ಎಲ್ಲಿಗೆ ಕಳಿಸಬೇಕು ಅನ್ನುವುದನ್ನು ಶುಕ್ರವಾರವೇ ಗೊತ್ತು ಮಾಡಿಕೊಳ್ಳಿ.

ಊಟ ಶುರು

ಮೊದಲ ತುತ್ತಿಗೂ ಮುಂಚೆ ಥಯಾಮಿನ್. ಬಾಯಿಂದಾದರೆ ದಿನಕ್ಕೆ 200ರಿಂದ 300 ಮಿ.ಗ್ರಾಂ, ಹತ್ತು ದಿನ. "ಸುಸ್ತಾಗಿದೆ, ಒಂದು ಬಾಟ್ಲಿ ಗ್ಲೂಕೋಸ್ ಹಾಕ್ರಿ" ಅಂತ ಮನೆಯವರು ಕೇಳಿಯೇ ಕೇಳುತ್ತಾರೆ. ಸುಮ್ನೆ ಹಾಕಬೇಡಿ. ಸಕ್ಕರೆ ಇಳಿದಿದ್ದರೆ ಡೆಕ್ಸ್ಟ್ರೋಸ್ ಕೊಡಲೇಬೇಕು, ಆಗ ಥಯಾಮಿನ್ ಕೂಡ ಇಂಜೆಕ್ಷನ್‌ನಲ್ಲೇ ಕೊಡಿ.

ಅತಿ ಅಪಾಯದವರಿಗೆ ಕಿಲೋಗೆ 10ರಿಂದ 20 ಕ್ಯಾಲೊರಿಯಿಂದ ಶುರು ಮಾಡಿ. ಈ ಹುಡುಗಿಗೆ ದಿನಕ್ಕೆ 600, ಆರು ಸಲ ಹಂಚಿ. ರಕ್ತ ಸರಿ ಇದ್ದರೆ ದಿನದಿಂದ ದಿನಕ್ಕೆ ಏರಿಸಿ. ಅಷ್ಟು ಅಪಾಯ ಇಲ್ಲದವರಿಗೆ 1400ರಿಂದ 2000ದಲ್ಲೇ ಶುರು ಮಾಡಬಹುದು. ಹೆದರಿ ವಾರಗಟ್ಟಲೆ 600ರಲ್ಲೇ ಇಟ್ಟರೆ ತೂಕ ಇನ್ನೂ ಇಳಿಯುತ್ತದೆ. ಜಾಸ್ತಿ ಕೊಟ್ಟಷ್ಟೇ ತಪ್ಪು ಕಡಿಮೆ ಕೊಡುವುದೂ. ಹಾಲು ಒಳ್ಳೆಯದು, ಫಾಸ್ಫೇಟ್ ಅದರಲ್ಲೇ ಇದೆ. ಬರೀ ಎಳನೀರು, ಜ್ಯೂಸ್ ಊಟವಲ್ಲ. ಮೆತ್ತಗಿನ ಜೋಳದ ರೊಟ್ಟಿ ಹಾಲಲ್ಲಿ ನೆನೆಸಿ ಕೊಟ್ಟರೆ ತಿನ್ನುವವರಿದ್ದಾರೆ.

ಫಾಸ್ಫೇಟ್ ಇಳಿದರೆ ಊಟ ಪೂರ್ತಿ ನಿಲ್ಲಿಸಬೇಡಿ. ಏರಿಸುವುದನ್ನು ತಡೆದು, ಬಾಯಿಂದ ಫಾಸ್ಫೇಟ್ ಕೊಡಿ, ಆರು ಗಂಟೆ ಬಿಟ್ಟು ಮತ್ತೆ ನೋಡಿ. 1ಕ್ಕಿಂತ ಕೆಳಗಿಳಿದರೆ ಐಸಿಯುನಲ್ಲಿ, ಮಾನಿಟರ್ ಹಾಕಿ, ನರದ ಮೂಲಕ. ಆರ್‌ಎಲ್ ಹೋಗುತ್ತಿರುವ ಲೈನಿಗೆ ಸೇರಿಸಬೇಡಿ, ಅದರಲ್ಲಿನ ಕ್ಯಾಲ್ಸಿಯಂ ಜೊತೆ ಗಟ್ಟಿ ಕಟ್ಟುತ್ತದೆ.

ಮಂಚದ ಪಕ್ಕ

ನಾಡಿ, ಬಿಪಿ, ಉಷ್ಣತೆ, ಉಸಿರು ನಾಲ್ಕು ಗಂಟೆಗೊಮ್ಮೆ. ಕುಡಿದದ್ದು, ಮೂತ್ರ ಎರಡೂ ಬರೆಯಿರಿ. ತೂಕ ಬೆಳಿಗ್ಗೆ, ಮೂತ್ರ ಮಾಡಿ ಬಂದ ಮೇಲೆ, ಗೌನ್‌ನಲ್ಲಿ. ಒಂದೇ ರಾತ್ರಿಗೆ ಎರಡು ಕಿಲೋ ಏರಿದರೆ ಖುಷಿಪಡಬೇಡಿ. ನೀರು ತುಂಬಿಕೊಂಡಿದೆಯಾ, ಕುಡಿದಿದ್ದಾಳಾ ಅಂತ ನೋಡಿ, ಸೋಡಿಯಂ ಕಳಿಸಿ. ಪಾದದ ಊತ, ಏದುಸಿರು, ಗೊಂದಲದ ಮಾತು, ನಿಧಾನವಿದ್ದ ನಾಡಿ ದಿಢೀರ್ 100 ದಾಟುವುದು: ಡ್ಯೂಟಿ ಡಾಕ್ಟರನ್ನು ಎಬ್ಬಿಸಿ.

ಊಟಕ್ಕೆ ಕೂತಾಗ ಒಬ್ಬ ಸಿಸ್ಟರ್ ಜೊತೆಗಿರಲಿ, ಮುಗಿದ ಮೇಲೂ ಒಂದು ಗಂಟೆ. ಬೈಯುವುದು, ಹೊಗಳುವುದು, "ಈಗ ಮುಖ ತುಂಬ್ಕೊಂಡೈತಿ ನೋಡವ್ವ" ಅನ್ನುವುದು ಮೂರೂ ಬೇಡ. ಆ ಕೊನೆಯ ಮಾತಿಗೆ ಮುಂದಿನ ಊಟ ಪೂರ್ತಿ ನಿಂತದ್ದಿದೆ.

ಜೀವಕ್ಕೆ ಅಪಾಯವಿದ್ದೂ ಚಿಕಿತ್ಸೆ ಒಲ್ಲೆ ಅಂದರೆ ಸೈಕಿಯಾಟ್ರಿಯವರನ್ನು ಅದೇ ದಿನ ಕರೆಯಿರಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 94ನೇ ಸೆಕ್ಷನ್‌ನಲ್ಲಿ ತುರ್ತು ಚಿಕಿತ್ಸೆಗೆ 72 ಗಂಟೆಯವರೆಗೆ ಅವಕಾಶವಿದೆ. ನಾಮನಿರ್ದೇಶಿತ ಪ್ರತಿನಿಧಿ ಸಿಕ್ಕರೆ ಅವರ ಒಪ್ಪಿಗೆ ಬೇಕು. ಎಷ್ಟು ಗಂಟೆಗೆ ಶುರುವಾಯಿತು ಅನ್ನುವುದನ್ನು ಕೇಸ್‌ಶೀಟ್‌ನ ಮೊದಲ ಪುಟದಲ್ಲೇ ಬರೆಯಿರಿ.